ಒಂದೇ ಶೆಡ್ಡು, ಎರಡು ಊಟ

ಈ ಸಲ ರಜೆಗೆ ಬಂದಾಗ ಹಳೇ ಗೆಳೆಯನೊಬ್ಬನ ಕಾರ್ಖಾನೆ ನೋಡಲು ಹೋಗಿದ್ದೆ. ಬೆಂಗಳೂರಿನ ಹೊರವಲಯ. ವಾಹನದ ಬಿಡಿಭಾಗ ಮಾಡುವ ಘಟಕ, ಅಚ್ಚುಕಟ್ಟಾಗಿದೆ. ಯಂತ್ರಗಳು ನಾನು ಜರ್ಮನಿಯಲ್ಲಿ ದಿನಾ ನೋಡುವಂಥವೇ. ಊಟದ ಹೊತ್ತಿಗೆ ಕ್ಯಾಂಟೀನಿಗೆ ಕರೆದುಕೊಂಡು ಹೋದ. ಅನ್ನ, ಹುರುಳಿಕಾಯಿ ಪಲ್ಯ, ಸಾರು, ಮಜ್ಜಿಗೆ. ಎಷ್ಟೋ ತಿಂಗಳಾದ ಮೇಲೆ ಅಂಥ ಸಾರು ನಾಲಿಗೆಗೆ ತಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆಯಲು ಹೊರಗೆ ಬಂದರೆ ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಇಪ್ಪತ್ತು ಮೂವತ್ತು ಹುಡುಗರು ಡಬ್ಬಿ ಬಿಚ್ಚಿ ಕೂತಿದ್ದರು. ಅರ್ಧ ಗಂಟೆ ಮುಂಚೆ ಪ್ರೆಸ್ಸಿನ ಮುಂದೆ ಕಾಯಂ ನೌಕರರ ಪಕ್ಕದಲ್ಲೇ ನಿಂತಿದ್ದ ಅದೇ ಹುಡುಗರು. ಕಾಯಂನವರ ಟ್ಯಾಗು ನೀಲಿ, ಇವರದು ಹಳದಿ.

"ಇವರಿಗೆ ಒಳಗೆ ಊಟ ಇಲ್ವಾ?" ಅಂದೆ.

"ಅವರು ಕಂಟ್ರಾಕ್ಟರ್ ಕಡೆಯವರು ಮಾರಾಯ. ಒಳಗೆ ಕೂರಿಸಿ ಊಟ ಹಾಕಿದ್ರೆ ನಾಳೆ ಕೋರ್ಟಲ್ಲಿ ನಿಮ್ಮೋರೇ ಅಂತಾರೆ. ಲೀಗಲ್‌ನವರು ಬೇಡ ಅಂದಿದ್ದಾರೆ" ಅಂದ.

ಅವನು ಕೆಟ್ಟವನಲ್ಲ. ಅದೇ ಹುಡುಗರ ಮನೆಯ ಮದುವೆ ಮುಂಜಿಗೆ ಹೋಗಿ ಕವರ್ ಕೊಟ್ಟು ಬರುವವನು. ಆದರೂ ಕುಡಿದ ಮಜ್ಜಿಗೆ ಗಂಟಲಲ್ಲೇ ನಿಂತ ಹಾಗಾಯಿತು.

ನಾನು ಸ್ಟುಟ್‌ಗಾರ್ಟ್ ಹತ್ತಿರದ ಕಾರ್ಖಾನೆಯೊಂದರಲ್ಲಿ ಒಂದು ಪಾಳಿ ನೋಡಿಕೊಳ್ಳುತ್ತೇನೆ. ನಮ್ಮಲ್ಲೂ ಏಜೆನ್ಸಿಯಿಂದ ಬರುವ ಕೆಲಸಗಾರರು ಇದ್ದಾರೆ. ಆರ್ಡರ್ ಏರಿದಾಗ ಬರುತ್ತಾರೆ, ಇಳಿದಾಗ ಮೊದಲು ಹೋಗುವವರೂ ಅವರೇ. ಆ ವಿಷಯದಲ್ಲಿ ಜರ್ಮನಿಯವರೇನೂ ಸತ್ಯ ಹರಿಶ್ಚಂದ್ರರಲ್ಲ. ಆದರೆ ಊಟದ ಮೇಜಿನ ಪ್ರಶ್ನೆಯನ್ನು ಕಾನೂನೇ ಬಗೆಹರಿಸಿಬಿಟ್ಟಿದೆ. ಕ್ಯಾಂಟೀನ್, ಮಕ್ಕಳ ಪಾಲನಾ ಕೇಂದ್ರ, ಕಂಪನಿ ಬಸ್ಸು, ಇವೆಲ್ಲ ಏಜೆನ್ಸಿ ಕೆಲಸಗಾರರಿಗೂ ಕಾಯಂನವರಿಗೆ ಸಿಗುವ ಷರತ್ತಿನಲ್ಲೇ ಸಿಗಬೇಕೆಂದು 2011ರಿಂದ ಇದೆ. ಬಲವಾದ ಕಾರಣವಿಲ್ಲದೆ ಬೇರೆ ಮಾಡುವಂತಿಲ್ಲ.

ಕಾನೂನು ಇದ್ದಮಾತ್ರಕ್ಕೆ ತಟ್ಟೆಗೆ ಊಟ ಬೀಳುವುದಿಲ್ಲ, ಅದೂ ನಿಜ. ನಮ್ಮಲ್ಲಿ ಊಟದ ದುಡ್ಡು ಚಿಪ್ ಕಾರ್ಡಿನಿಂದ, ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತವಾಗುತ್ತದೆ. ಏಜೆನ್ಸಿಯವರ ಸಂಬಳ ನಮ್ಮ ಪುಸ್ತಕದಲ್ಲಿ ಇರುವುದಿಲ್ಲವಲ್ಲ, ಹಾಗಾಗಿ ಅವರಿಗೆ ಕೊಟ್ಟಿದ್ದು ಅತಿಥಿ ಕಾರ್ಡು. ಅತಿಥಿಗೆ ಕಂಪನಿಯ ರಿಯಾಯಿತಿ ಇಲ್ಲ. ಒಂದೇ ಸಾಲಲ್ಲಿ ನಿಂತು, ಒಂದೇ ಆಲೂಗಡ್ಡೆ ತಿಂದು, ಗಲ್ಲಾದಲ್ಲಿ ಇವನಿಗೆ ಒಂದು ದರ, ಅವನಿಗೆ ಇನ್ನೊಂದು. ಯಾರೂ ಬೇಕೆಂದು ಮಾಡಿದ್ದಲ್ಲ, ಸಾಫ್ಟ್‌ವೇರಿನ ಕಿತಾಪತಿ. ಆದರೆ ಗಲ್ಲಾದ ಪರದೆಯ ಮೇಲೆ "ಅತಿಥಿ" ಎಂದು ದಿನಾ ಕಾಣಿಸಿಕೊಳ್ಳುವವನಿಗೆ ಅದರಿಂದೇನು ಸಮಾಧಾನ? ಕೆಲವರು ಬ್ರೆಡ್ಡು ಕಟ್ಟಿಕೊಂಡು ಬರಲು ಶುರುಮಾಡಿದರು. ಅದನ್ನು ಗಮನಿಸಿದ್ದು ಮ್ಯಾನೇಜರುಗಳಲ್ಲ, ನೌಕರರು ತಾವೇ ಚುನಾಯಿಸುವ ನೌಕರರ ಮಂಡಳಿಯ ಒಬ್ಬಾಕೆ. ಮಂಡಳಿ ಪಟ್ಟು ಹಿಡಿಯಿತು. ಮುಂಗಡ ದುಡ್ಡು ತುಂಬಿಸಿಕೊಳ್ಳುವ ಯಂತ್ರ ತಂದು, ಅದೇ ಬಣ್ಣದ ಕಾರ್ಡು, ಅದೇ ದರ ಮಾಡಿದರು. ಬ್ರೆಡ್ಡಿನ ಡಬ್ಬಿಗಳು ತಾವಾಗಿಯೇ ಕಡಿಮೆಯಾದವು.

ಈಗ ಗೆಳೆಯನ ಭಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಗುತ್ತಿಗೆಯವರನ್ನು ದೂರ ಇಡುವ ಅರ್ಧಕ್ಕರ್ಧ ಪದ್ಧತಿ ಹುಟ್ಟಿರುವುದು ಈ ಭಯದಿಂದಲೇ. ಗುತ್ತಿಗೆ ಬರೀ ತೋರಿಕೆಯದು, ಇವರು ನಿಜವಾಗಿ ಕಂಪನಿಯ ನೌಕರರೇ ಎಂದು ನ್ಯಾಯಾಲಯ ಹೇಳಿಬಿಟ್ಟರೆ? ಭಯ ಸುಳ್ಳಲ್ಲ. ಆದರೆ ನ್ಯಾಯಾಲಯ ನೋಡುವುದು ಏನನ್ನು? 2014ರಲ್ಲಿ ಸುಪ್ರೀಂ ಕೋರ್ಟು ಏರ್ ಇಂಡಿಯಾದ ಕ್ಯಾಂಟೀನ್ ಕೆಲಸಗಾರರದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಅಲ್ಲಿ ಆರು ಪ್ರಶ್ನೆಗಳನ್ನು ಸ್ಪಷ್ಟವಾಗಿ ಹೇಳಿದ್ದಾರೆ: ನೇಮಿಸಿದ್ದು ಯಾರು, ಸಂಬಳ ಕೊಡುವುದು ಯಾರು, ತೆಗೆದುಹಾಕುವ ಅಧಿಕಾರ ಯಾರದು, ಶಿಸ್ತು ಕ್ರಮ ಕೈಗೊಳ್ಳುವವರು ಯಾರು, ಸೇವೆ ನಿರಂತರವಾಗಿದೆಯೇ, ಹತೋಟಿ ಮತ್ತು ಮೇಲ್ವಿಚಾರಣೆ ಎಷ್ಟರಮಟ್ಟಿನದು. ಊಟ ಎಲ್ಲಿ ಮಾಡಿದರು ಎಂಬ ಪ್ರಶ್ನೆ ಇದರಲ್ಲಿಲ್ಲ. ಟ್ಯಾಗಿನ ಬಣ್ಣವೂ ಇಲ್ಲ.

ಆ ಆರನ್ನು ಕೈಯಲ್ಲಿ ಹಿಡಿದು ಗೆಳೆಯನ ಶೆಡ್ಡಿನಲ್ಲಿ ಒಂದು ಸುತ್ತು ಬಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹಳದಿ ಟ್ಯಾಗಿನ ಹುಡುಗನಿಗೆ ರಜೆ ಬೇಕಾದರೆ ಕಂಪನಿಯ ಸೂಪರ್‌ವೈಸರಿಗೆ ವಾಟ್ಸಾಪ್ ಹಾಕುತ್ತಾನೆ, ಆತ ಹೆಬ್ಬೆಟ್ಟು ತೋರಿಸಿದರೆ ರಜೆ ಮಂಜೂರು. ತಡವಾಗಿ ಬಂದರೆ ಬೈಯುವವನೂ ಆತನೇ. "ನಾಳೆಯಿಂದ ಇವನು ಬೇಡ" ಎಂದು ಕಂಟ್ರಾಕ್ಟರಿಗೆ ಹೇಳುವವನೂ ಆತನೇ. ಈ ಮಧ್ಯೆ ಕಂಟ್ರಾಕ್ಟರು ಮೂರು ಸಲ ಬದಲಾಗಿದ್ದಾನೆ, ಹುಡುಗರು ಮಾತ್ರ ಅವರೇ. ಒಬ್ಬನಂತೂ ಹತ್ತು ವರ್ಷಕ್ಕೂ ಮೇಲಾಯಿತಂತೆ, ಪ್ರತಿ ಹೊಸ ಕಂಟ್ರಾಕ್ಟರಿನ ಕೆಳಗೆ ಹೊಸದಾಗಿ "ಸೇರಿದ" ಕಾಗದ. ಅಂದರೆ ಕೋರ್ಟು ಕೇಳುವ ಶಿಸ್ತು, ಹತೋಟಿ, ನಿರಂತರತೆ ಮೂರರಲ್ಲೂ ಕಂಪನಿ ಕುತ್ತಿಗೆಯವರೆಗೆ ಮುಳುಗಿದೆ. ಕೋರ್ಟು ಕೇಳದ ಊಟದಲ್ಲಿ ಮಾತ್ರ ಮಡಿ!

ನಮ್ಮ ಪಾಳಿಯಲ್ಲಿ ಇದು ತಲೆಕೆಳಗು. ಹೊಸಬ ಬಂದ ಮೊದಲ ದಿನವೇ ಲಾಕರ್, ಸುರಕ್ಷತಾ ತರಬೇತಿ, ಪಾಳಿಯ ಬೋರ್ಡಿನಲ್ಲಿ ಹೆಸರು. ಏಜೆನ್ಸಿಯ ಹೆಸರಲ್ಲ, ಅವನ ಹೆಸರು. ಯಾವ ಯಂತ್ರ, ಯಾವ ಕೆಲಸ ಎಂದು ಹೇಳುವುದು ನಾವೇ, ಏಜೆನ್ಸಿ ಕೆಲಸಕ್ಕೆ ಕಾನೂನು ಅದನ್ನು ಒಪ್ಪುತ್ತದೆ. ಆದರೆ ರಜೆ, ಎಚ್ಚರಿಕೆ ಪತ್ರ, ಸಂಬಳದ ತಕರಾರು ಏನಿದ್ದರೂ ಏಜೆನ್ಸಿಯದು. ಅವರ ಸಂಯೋಜಕಿ ವಾರಕ್ಕೊಮ್ಮೆ ಬಂದು ಮಾತಾಡಿಸಿ ಹೋಗುತ್ತಾಳೆ. ನನಗೆ ಯಾರ ಮೇಲಾದರೂ ದೂರಿದ್ದರೆ ಅವಳಿಗೆ ಹೇಳಬೇಕು, ಪಾಳಿಯ ನಡುವೆ ಕೂಗಾಡುವಂತಿಲ್ಲ. ಕೂಗಾಡುವ ಚಟ ನನಗೂ ಊರಿಂದಲೇ ಬಂದಿದ್ದು, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

ಇಲ್ಲೇ ಒಂದು ಬಿರುಕು ಇದೆ. ಜರ್ಮನಿಯ ಕಾನೂನಿಗೆ ಬಂದ 2017ರ ಏಪ್ರಿಲ್ ತಿದ್ದುಪಡಿಯ ಪ್ರಕಾರ ಒಬ್ಬ ಕೆಲಸಗಾರನನ್ನು ಒಂದೇ ಕಂಪನಿಗೆ 18 ತಿಂಗಳವರೆಗೆ ಕಳಿಸಬಹುದು, 9 ತಿಂಗಳಾದ ಮೇಲೆ ಅಲ್ಲಿನ ಕಾಯಂನವರಿಗೆ ಸಮನಾದ ಸಂಬಳ ಕೊಡಬೇಕು. ಸಂಘಗಳ ಒಪ್ಪಂದದ ಮೂಲಕ ಎರಡನ್ನೂ ಮುಂದಕ್ಕೆ ತಳ್ಳುವ ದಾರಿ ಇದೆ, ಅದು ಬೇರೆ ಮಾತು. ಒಳ್ಳೆಯ ನಿಯಮ ಅನ್ನಿಸುತ್ತದೆ. ಆದರೆ ಯಾವುದೇ ಕಾರ್ಖಾನೆಯ ಏಜೆನ್ಸಿ ಪಟ್ಟಿಯಲ್ಲಿ ಕೊನೆಯ ದಿನಾಂಕಗಳನ್ನು ಒಮ್ಮೆ ನೋಡಿ. ಅವು ಆರ್ಡರಿನ ಏರಿಳಿತದ ಜೊತೆ ಚದುರಿಕೊಂಡಿದ್ದರೆ ಸರಿ. ಎಂಟನೇ ತಿಂಗಳ ಸುತ್ತ ಗುಂಪುಗಟ್ಟಿದ್ದರೆ ಸಮಾನ ಸಂಬಳ ತಪ್ಪಿಸುವ ಆಟ ನಡೆಯುತ್ತಿದೆ ಎಂದರ್ಥ. ಅದು ಕಾಯಂನವರಿಗೂ ತಿಳಿಯುತ್ತದೆ. "ಎಂಟು ತಿಂಗಳಿಗೆ ಹೋಗುವವನಿಗೆ ಯಾಕೆ ಕಲಿಸಬೇಕು?" ಎಂದು ಪ್ರೆಸ್ಸಿಗೆ ಡೈ ಎಂಬ ಅಚ್ಚು ಕೂರಿಸುವಾಗಿನ ಸಣ್ಣ ಸಣ್ಣ ಗುಟ್ಟುಗಳನ್ನು ಹೇಳಿಕೊಡುವುದು ನಿಲ್ಲಿಸುತ್ತಾರೆ. ಆಮೇಲೆ ಗುಜರಿ ಹೆಚ್ಚುತ್ತದೆ, ತಪ್ಪು ಹೊಸಬನ ತಲೆಗೆ. ಕ್ಯಾಂಟೀನಿನಲ್ಲಿ ಕಾಣದ ಗೋಡೆ ಅಲ್ಲಿ ಎದ್ದು ನಿಲ್ಲುತ್ತದೆ. ಕೊನೆಯ ದಿನಾಂಕವನ್ನು ಎಂಟನೇ ತಿಂಗಳಲ್ಲಿ ಅಲ್ಲ, ಐದನೆಯದರಲ್ಲೇ ಹೇಳಿಬಿಡಿ, ಒಳಗೆ ಖಾಲಿ ಇರುವ ಹುದ್ದೆಗಳ ಪಟ್ಟಿಯನ್ನು ಅವರ ಕೈಗೂ ಕೊಡಿ ಎಂದು ನಾನು ಹೇಳುತ್ತಿರುತ್ತೇನೆ. ಪಟ್ಟಿ ತಿಳಿಸುವುದಂತೂ ಕಾನೂನಿನಲ್ಲೇ ಇದೆ. ಇವತ್ತು ನನ್ನ ಪಾಳಿಯಲ್ಲಿ ಡೈ ಕೂರಿಸುವವರಲ್ಲಿ ಇಬ್ಬರು ಹಾಗೆ ಏಜೆನ್ಸಿಯಿಂದ ಬಂದು ಕಾಯಂ ಆದವರೇ.

ಇಷ್ಟೆಲ್ಲ ಹೇಳಿ ಜರ್ಮನಿಯನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಸಾಫ್ಟ್‌ವೇರ್ ಇಂಜಿನಿಯರುಗಳಿದ್ದಾರೆ, ದಿನದ ಲೆಕ್ಕದಲ್ಲಿ ಬಿಲ್ ಹಾಕುವವರು. ಕ್ಯಾಂಟೀನಿನ ಆ ಕಾನೂನು ಇವರಿಗೆ ಅನ್ವಯಿಸುವುದಿಲ್ಲ. ಇವರು ಹೆಸರಿಗಷ್ಟೇ ಸ್ವತಂತ್ರರು, ನಿಜವಾಗಿ ನೌಕರರು ಎಂದು ಪಿಂಚಣಿ ವಿಮಾ ಸಂಸ್ಥೆ ತೀರ್ಮಾನಿಸಿದರೆ ಹಿಂದಿನ ವರ್ಷಗಳ ಕಂತನ್ನೆಲ್ಲ ಕಂಪನಿ ಕಟ್ಟಬೇಕಾಗುತ್ತದೆ. ಆ ಭಯಕ್ಕೆ ಅವರ ಕಾರ್ಡು ಬೇರೆ ಬಣ್ಣದ್ದು, ಕ್ರಿಸ್‌ಮಸ್ ಊಟಕ್ಕೆ ಕರೆ ಇಲ್ಲ. ಗೆಳೆಯನ ಲೀಗಲ್‌ನವರು ಹೇಳಿದ್ದನ್ನೇ ನಮ್ಮವರು ಜರ್ಮನ್ನಿನಲ್ಲಿ ಹೇಳುತ್ತಾರೆ, ಅಷ್ಟೇ. ಊರಲ್ಲಿ ಆಯುಧ ಪೂಜೆಯ ದಿನವಾದರೂ ಟ್ಯಾಗು ನೋಡದೆ ಎಲ್ಲರ ಕೈಗೂ ಪುರಿ ಬೂಂದಿಯ ಪೊಟ್ಟಣ ಬೀಳುತ್ತದೆ.

ಮನೆಗೆ ಊಟ ತರುವ ಹುಡುಗರ ವಿಷಯದಲ್ಲಂತೂ ನಮ್ಮ ರಾಜ್ಯವೇ ಒಂದು ಹೆಜ್ಜೆ ಮುಂದಿದೆ. ಜರ್ಮನಿಯಲ್ಲಿ ಸವಾರರನ್ನು ನೌಕರರಾಗಿಯೇ ಇಟ್ಟುಕೊಂಡಿದ್ದ ಲೀಫರಾಂಡೋ 2025ರಲ್ಲಿ ಸುಮಾರು 2,000 ಕೆಲಸ ಕಡಿತ ಮಾಡಿ, ಡೆಲಿವರಿಯ ಒಂದು ಭಾಗವನ್ನು ಹೊರಗುತ್ತಿಗೆಗೆ ಕೊಡುವುದಾಗಿ ಹೇಳಿತು. ಅದೇ ವರ್ಷ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ 1ರಿಂದ 5 ಶೇಕಡಾ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಇನ್ನೂ ಒಪ್ಪಿಕೊಳ್ಳಲು ಕಷ್ಟವಾದದ್ದು: ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಕಂಟ್ರಾಕ್ಟರ್ ಮೂಲಕ ಬಂದವರನ್ನೂ ಕಾರ್ಮಿಕ ಎಂದೇ ಎಣಿಸಿದ್ದರು, 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಕ್ಯಾಂಟೀನ್ ಇರಬೇಕು ಎಂದೂ ಇತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು 100ಕ್ಕೆ ಇಳಿಸಿದೆ. ಗುತ್ತಿಗೆಯವರಿಗೂ ಈ ಸೌಲಭ್ಯ ಕೊಡುವ ಹೊಣೆಯನ್ನು ಕಂಟ್ರಾಕ್ಟರಿನ ಮೇಲಲ್ಲ, ಕೆಲಸ ಮಾಡಿಸಿಕೊಳ್ಳುವ ಕಂಪನಿಯ ಮೇಲೆಯೇ ಹಾಕಿದೆ.

ಇದನ್ನೆಲ್ಲ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಲೀಗಲ್‌ನವರನ್ನು ಒಪ್ಪಿಸಬಹುದು ಅಂದ. "ಆದ್ರೆ ನಮ್ಮ ಯೂನಿಯನ್‌ನವರು ಒಪ್ಪಲ್ಲ ಕಣೋ. ಊಟದ ದರ ಅವರು ಕಳೆದ ವೇತನ ಒಪ್ಪಂದದಲ್ಲಿ ಜಗಳ ಆಡಿ ಗೆದ್ದಿದ್ದು. ಎಲ್ಲರಿಗೂ ಕೊಟ್ರೆ ನಮ್ಮದು ಕಡಿಮೆ ಮಾಡ್ತೀರಾ ಅಂತಾರೆ." ಇದಕ್ಕೆ ನನ್ನ ಹತ್ತಿರ ಜರ್ಮನ್ ಉತ್ತರ ಇರಲಿಲ್ಲ. ಒಪ್ಪಂದದ ಅವಧಿ ಬರುವ ವರ್ಷ ಮುಗಿಯುತ್ತದಂತೆ. ದರ ಏರಿಸುವುದಿಲ್ಲ ಎಂದು ಮೊದಲು ಕಾಯಂನವರಿಗೆ ಬರೆದುಕೊಟ್ಟು, ಹಳದಿ ಟ್ಯಾಗಿನವರ ತಟ್ಟೆಯ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಿ ಮಾತಿಗೆ ಕೂತುಕೋ ಅಂದೆ. ನೋಡೋಣ ಅಂದ. ಒಂದು ತಟ್ಟೆಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಹಾಕಲು ಕ್ಯಾಂಟೀನಿನವನಿಗೆ ಹೇಳಿದ್ದಾನೆ.