ಸುತ್ತಿಗೆ ಸದ್ದಿರುವಾಗ ನಿರೂಪಕ ಸುಮ್ಮನಿರಬೇಕೇ?

ಪರ: ಸದ್ದಿಗೂ ಬೈಟಿಗೂ ಜಾಗ ಬಿಡಿ

ಸಾಕ್ಷ್ಯಚಿತ್ರವೊಂದರಲ್ಲಿ ಕಮ್ಮಾರ ಕುಡುಗೋಲು ಮಾಡುವ 40 ಸೆಕೆಂಡಿನ ದೃಶ್ಯವಿದೆ ಎನ್ನೋಣ. ಕೆಂಪಗೆ ಕಾದ ಉಕ್ಕು, ಸುತ್ತಿಗೆ ಏಟು, ಕೊನೆಗೆ ನೀರಿಗೆ ಅದ್ದಿದಾಗ ಚುಯ್ ಎನ್ನುವ ಸದ್ದು. ಇದರ ಮೇಲೆ "ಕಮ್ಮಾರ ಕಾದ ಉಕ್ಕನ್ನು ಬಡಿಯುತ್ತಿದ್ದಾನೆ" ಎಂದು ಓದಿಸುವುದು ಕಣ್ಣಿದ್ದವರಿಗೆ ದಾರಿ ತೋರಿಸಿದಂತೆ.

ನಿರೂಪಣೆಯನ್ನು ಮೊದಲು ಬರೆದು, ಉಳಿದ ಸಂದಿಗಳಲ್ಲಿ ಸದ್ದು ತುರುಕುವುದೇ ಇಲ್ಲಿನ ಮೂಲ ತಪ್ಪು. ಸಂಕಲನದ ಟೈಮ್‌ಲೈನಿನಲ್ಲಿ ಸದ್ದು ಮತ್ತು ಬೈಟ್, ಅಂದರೆ ಕ್ಯಾಮೆರಾ ಮುಂದೆ ಕಮ್ಮಾರ ಆಡಿದ ಮಾತಿನ ತುಣುಕು, ಮೊದಲು ಕೂರಲಿ. ಮೊದಲ 6 ಸೆಕೆಂಡು ಬರೀ ಸುತ್ತಿಗೆ. ಆಮೇಲೆ 7 ಸೆಕೆಂಡು ನಿರೂಪಣೆ, ಅದೂ ಚಿತ್ರದಲ್ಲಿ ಇಲ್ಲದ ಮಾತು: "ಶಾಖ ಅಳೆಯಲು ಇಲ್ಲಿ ಯಂತ್ರವಿಲ್ಲ. ಉಕ್ಕಿನ ಬಣ್ಣವೇ ಅಳತೆ." ನಂತರ ಕಮ್ಮಾರನ 12 ಸೆಕೆಂಡಿನ ಬೈಟ್; ಮುಖ ಕಾಣುವ ಒಂದು ಸೆಕೆಂಡು ಮೊದಲೇ ಅವನ ದನಿ ಕೇಳಿಸಲಿ. ಉಳಿದ 15 ಸೆಕೆಂಡು ಏಟಿಗೂ ನೀರಿಗೂ ಸೇರಿದ್ದು.

ನಿರೂಪಣೆಯ ಅಡಿಯಲ್ಲಿ ಕುಲುಮೆಯ ಸದ್ದನ್ನು 12ರಿಂದ 15 ಡೆಸಿಬೆಲ್ ಇಳಿಸಿದರೆ ಸಾಮಾನ್ಯವಾಗಿ ಸಾಕು. ಆದರೆ ಸುತ್ತಿಗೆಯ ಏಟು ಚೂಪು. ಇಳಿಸಿದರೂ ವ್ಯಂಜನಗಳನ್ನು ನುಂಗುತ್ತದೆ. ವಾಕ್ಯವನ್ನು ಕೊಂಚ ಹಿಂದೆಮುಂದೆ ಸರಿಸಿ, ಏಟು ಮಾತಿನ ಬಿಡುವಿನಲ್ಲಿ ಬೀಳುವಂತೆ ಮಾಡಬೇಕು. ಚಿತ್ರೀಕರಣದ ದಿನವೇ ಯಾರೂ ಮಾತಾಡದ ಕುಲುಮೆಯ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟಿರಬೇಕು. ಅದಿಲ್ಲದಿದ್ದರೆ ಕತ್ತರಿ ಬಿದ್ದ ಜಾಗದಲ್ಲೆಲ್ಲ ಸದ್ದು ಸತ್ತು, ಜೋಡಣೆ ಕಿವಿಗೆ ಸಿಕ್ಕಿಬೀಳುತ್ತದೆ.

ವಿರೋಧ: ಕಂಡದ್ದೆಲ್ಲ ತಿಳಿದಂತಲ್ಲ

ಅದೇ ದೃಶ್ಯವನ್ನು ಮುಂದುವರಿಸಿ ನೋಡಿ. ನೀರಿಗೆ ಅದ್ದಿದ ಕುಡುಗೋಲನ್ನು ಕಮ್ಮಾರ ಮತ್ತೆ ಬೆಂಕಿಯ ಬಳಿ ಹಿಡಿಯುತ್ತಾನೆ. ನೋಡುಗನಿಗೆ ಇದು ಮೊದಲಿನದೇ ಕೆಲಸ. ನಿಜಕ್ಕೂ ಇದು ಬೇರೆಯೇ ಹಂತ. ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಟ್ಟನೆ ತಣಿಸಿದ ಉಕ್ಕು ಗಟ್ಟಿಯಾಗುತ್ತದೆ, ಜೊತೆಗೆ ಪೆಡಸಾಗುತ್ತದೆ. ಹಾಗೇ ಬಿಟ್ಟರೆ ಬಾಯಿ ಚಕ್ಕೆ ಏಳುತ್ತದೆ. ಆ ಪೆಡಸು ತಗ್ಗಿಸಲು 200ರಿಂದ 300 ಡಿಗ್ರಿಯವರೆಗಿನ ಹದವಾದ ಶಾಖ ಬೇಕು. ಇದನ್ನು ಯಾವ ಸದ್ದೂ ಹೇಳುವುದಿಲ್ಲ.

ಬೈಟ್ ಹೇಳುತ್ತದೆಯೇ? ಅದರಲ್ಲಿರುವುದು "ಆ ಬಣ್ಣ ಬಂದ ಕೂಡಲೇ ತೆಗೀಬೇಕು" ಎಂಬ ಮಾತು. ಪ್ರಶ್ನೆಯನ್ನು ಕತ್ತರಿಸಿರುವುದರಿಂದ "ಆ" ಎಂದರೆ ಯಾವುದು ಎಂಬುದೇ ಹೋಯಿತು. ಆಗ ಸಂಕಲನಕಾರ ಬೇರೆಡೆ ಹೇಳಿದ "ತಿಳಿಹಳದಿ" ಪದವನ್ನು ತಂದು ಅಂಟಿಸಿ, ಅಂಟು ಕಾಣದಂತೆ ಮೇಲೆ ಕೈಯ ಶಾಟ್ ಹೊದಿಸುತ್ತಾನೆ. ಉಸಿರು ತುಂಡಾಗುತ್ತದೆ, ದನಿಯ ಏರಿಳಿತ ಕೂಡುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಕಮ್ಮಾರ ಆಡದ ವಾಕ್ಯ ಅವನ ಬಾಯಿಗೆ ಬರುತ್ತದೆ. ಎರಡನೇ ಸಲ ಕಾಯಿಸಿದ್ದೇಕೆ ಎಂದು ತಿಳಿಸುವ ನಿರೂಪಕನ 8 ಸೆಕೆಂಡು ಇದಕ್ಕಿಂತ ಪ್ರಾಮಾಣಿಕ. ಅಲ್ಲಿ ಹೇಳುತ್ತಿರುವವರು ಯಾರೆಂದಾದರೂ ಗೊತ್ತಿರುತ್ತದೆ.

ಫೋನಿನ ಪುಟ್ಟ ಸ್ಪೀಕರಿನಲ್ಲಿ ಕುಲುಮೆಯ ತಗ್ಗು ಮೊರೆತ ಬಹುಪಾಲು ಕೇಳಿಸುವುದೇ ಇಲ್ಲ ಎಂಬುದೂ ಇದೆ. ಸ್ಟುಡಿಯೋದಲ್ಲಿ ತುಂಬಿಕೊಂಡಿದ್ದ ಬಿಡುವು ಅಲ್ಲಿ ಖಾಲಿ.

ದೃಶ್ಯವನ್ನು ಕಮ್ಮಾರಿಕೆ ಗೊತ್ತಿಲ್ಲದ ಒಬ್ಬರಿಗೆ ಒಮ್ಮೆ ತೋರಿಸಿ, ಎರಡನೇ ಸಲ ಕಾಯಿಸಿದ್ದೇಕೆ ಎಂದು ಕೇಳಿ. ಉತ್ತರ ಬರದಿದ್ದರೆ, ನೀರಿನ ಸದ್ದು ಆರಿದ ಮೇಲೆ ಆ 8 ಸೆಕೆಂಡಿನ ಮಾತನ್ನು ಹಾಕಲೇಬೇಕು.