‘ಕ್ರೆಡಿಟ್ ಹಾಕಿದ್ದೀನಲ್ಲ ಅಕ್ಕಾ’

ನಿನ್ನೆ ರಾತ್ರಿ ಹನ್ನೊಂದೂವರೆಗೆ ಒಬ್ಬ ಹುಡುಗ ಫೋನ್ ಮಾಡಿದ. ಹೆಸರು ಹೇಳಲ್ಲ, ಅವನೂ ಇದನ್ನ ಓದ್ತಾನೆ. ಕೌದಿ ಹೊಲಿಯೋ ಅಜ್ಜಿಯರ ಮೇಲೆ ಹನ್ನೆರಡು ನಿಮಿಷದ ಡಾಕ್ಯುಮೆಂಟರಿ ಮಾಡಿದ್ದಾನೆ. ಚೆನ್ನಾಗಿದೆ, ಸುಮ್ಮನೆ ಹೇಳ್ತಿಲ್ಲ. ಎಂಟನೇ ನಿಮಿಷದಲ್ಲಿ ಒಬ್ಬ ಅಜ್ಜಿ ಸೂಜಿಗೆ ದಾರ ಪೋಣಿಸೋಕೆ ಮೂರು ಸಲ ಒದ್ದಾಡ್ತಾರೆ, ಹಿಂದೆ ಶಿಶುನಾಳ ಶರೀಫರ ತತ್ವಪದ, ನಲವತ್ತು ಸೆಕೆಂಡು. ಚಿತ್ರೋತ್ಸವದವರು ಸಿನಿಮಾ ಆಯ್ಕೆ ಮಾಡಿ, ಸಂಗೀತದ ಹಕ್ಕಿನ ಪತ್ರ ಕಳಿಸಿ ಅಂದಿದ್ದಾರೆ.

‘ಅಕ್ಕಾ, ಕೊನೇಲಿ ಕ್ರೆಡಿಟ್ ಹಾಕಿದ್ದೀನಲ್ಲ? ಅಷ್ಟಕ್ಕೂ ಶರೀಫರು ಯಾವತ್ತೋ ತೀರಿಕೊಂಡವರು, ಹಾಡು ಫ್ರೀ ಅಲ್ವಾ?’

ಈ ‘ಫ್ರೀ’ ಅನ್ನೋ ಪದ ಕೇಳಿದರೆ ನನಗೆ ಈಗೀಗ ಮೈಯೆಲ್ಲ ಉರಿಯುತ್ತೆ. ಹದಿನೈದು ವರ್ಷ ಎಡಿಟಿಂಗ್ ಟೇಬಲ್ ಮುಂದೆ ಕೂತು ಬೆನ್ನು ಬಾಗಿಸಿಕೊಂಡವಳು ನಾನು, ನಿಮಗೆಲ್ಲ ಗೊತ್ತು. ಈ ಪದ ಕೇಳಿಸದ ತಿಂಗಳಿಲ್ಲ.

ಹುಡುಗ ಹೇಳಿದ್ದು ಅರ್ಧ ನಿಜ. ನಮ್ಮ ಕಾನೂನಿನಲ್ಲಿ ಸಾಹಿತ್ಯದ ಮೇಲಿನ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತೆ. ಶರೀಫರು ಹೋಗಿದ್ದು 1889ರಲ್ಲಿ. ಅವರ ಪದ ಯಾರು ಬೇಕಾದರೂ ಬಳಸಬಹುದು. ಆದರೆ ಹುಡುಗ ಹಾಕಿರೋದು ಬರೀ ಪದ ಅಲ್ಲವಲ್ಲ. ಅದಕ್ಕೊಂದು ಧಾಟಿ ಇದೆ. ಅವನು ಬಳಸಿರೋದು ಸಿ. ಅಶ್ವತ್ಥ್ ರಾಗ ಹಾಕಿದ ಧಾಟಿ. ಅಶ್ವತ್ಥರು ಹೋಗಿದ್ದು 2009ರಲ್ಲಿ, ಅಂದರೆ ಆ ಧಾಟಿಯ ಹಕ್ಕು 2069ರ ಕೊನೆಯವರೆಗೂ ಇದೆ. ಇನ್ನು ಸ್ಟುಡಿಯೋದಲ್ಲಿ ಹಾಡಿ ಮುದ್ರಿಸಿದ ಧ್ವನಿ ಇದೆಯಲ್ಲ, ಅದು ಮೂರನೇ ಆಸ್ತಿ. ಅದರ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ, ಸಾಮಾನ್ಯವಾಗಿ ಆಡಿಯೋ ಕಂಪನಿ ಕೈಯಲ್ಲಿ. ಒಂದೇ ಹಾಡು, ಮೂರು ಬೀಗ. ಅವನ ಹತ್ತಿರ ಇರೋದು ಒಂದೇ ಕೀಲಿಕೈ.

ಧಾಟಿಯನ್ನೋ ಸಾಹಿತ್ಯವನ್ನೋ ಚಿತ್ರಕ್ಕೆ ಜೋಡಿಸೋ ಅನುಮತಿಗೆ ಈ ಕಸುಬಿನಲ್ಲಿ ‘ಸಿಂಕ್’ ಅಂತಾರೆ. 1957ರ ಕಾಯ್ದೆಯಲ್ಲಿ ಆ ಪದವೇ ಇಲ್ಲ, ಕೃತಿಯನ್ನಿಟ್ಟುಕೊಂಡು ಸಿನಿಮಾ ಮಾಡುವ ಹಕ್ಕು ಅಂತ ಇದೆ. ಮುದ್ರಿತ ಧ್ವನಿಯನ್ನೇ ಎತ್ತಿ ಹಾಕೋಕೆ ಬೇಕಾದ್ದು ‘ಮಾಸ್ಟರ್’ ಅನುಮತಿ. ಎರಡೂ ಬೇಕು. ‘ಗಾಯಕರು ನನಗೆ ಪರಿಚಯ, ಹಾಕ್ಕೋ ಮಾರಾಯ ಅಂದರು’ ಅಂತ ಬರೋರು ಇನ್ನೊಂದು ಜಾತಿ. ಸ್ವಾಮಿ, ಹಾಡಿದವರ ಕೈಯಲ್ಲಿ ಈ ಎರಡರಲ್ಲಿ ಒಂದೂ ಇಲ್ಲದೆ ಇರಬಹುದು. ಇನ್ನು ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ದುಡ್ಡು ವಸೂಲಿ ಮಾಡೋ ಸಂಸ್ಥೆ ಐಪಿಆರ್‌ಎಸ್‌ಗೆ ದುಡ್ಡು ಕಟ್ಟಿದ್ದೀನಿ ಅನ್ನೋರು. ಅದು ಹಾಡನ್ನ ಸಾರ್ವಜನಿಕವಾಗಿ ನುಡಿಸೋದಕ್ಕೆ. ಆ ರಸೀದಿ ಹಿಡಿದುಕೊಂಡು ಸಿನಿಮಾಗೆ ಹಾಡು ಜೋಡಿಸೋಕಾಗಲ್ಲ.

‘ನಲವತ್ತು ಸೆಕೆಂಡು ತಾನೆ, ಮೂವತ್ತಕ್ಕೆ ಇಳಿಸ್ತೀನಿ’ ಅಂದ. ಈ ಮೂವತ್ತು ಸೆಕೆಂಡಿನ ಕಥೆ ಹುಟ್ಟಿಸಿದವರು ಸಿಕ್ಕಿದರೆ ನನಗೆ ತಿಳಿಸಿ. ಕಾಯ್ದೆಯಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ. ವಿಮರ್ಶೆಗೆ, ಸುದ್ದಿಗೆ ಅಂತ ಒಂದಿಷ್ಟು ವಿನಾಯಿತಿ ಇದೆ, ಸರಿ. ಆ ಹಾಡನ್ನೇ ವಿಮರ್ಶಿಸೋ ವಿಡಿಯೋ ಆದರೆ ವಾದ ಮಾಡಬಹುದು. ಅಜ್ಜಿ ಸೂಜಿ ಪೋಣಿಸುವಾಗ ನೋಡೋರ ಕಣ್ಣಲ್ಲಿ ನೀರು ಬರಲಿ ಅಂತ ಹಾಕಿದ ಹಾಡಿಗೆ ಅದು ದಕ್ಕಲ್ಲ.

‘ದುಡ್ಡು ಮಾಡ್ತಿಲ್ಲವಲ್ಲ, ಬಡಪಾಯಿ ಸಿನಿಮಾ’ ಅಂತೀರಿ. ಒಪ್ಪಿದೆ, ಸಣ್ಣವರ ಇಮೇಲ್‌ಗೆ ಕಂಪನಿಗಳು ಉತ್ತರ ಕೊಡಲ್ಲ. ನಾನೇ ಒಂದು ಕಂಪನಿಗೆ ನಾಲ್ಕು ಸಲ ಬರೆದು ಕೈಬಿಟ್ಟಿದ್ದೀನಿ. ಆದರೆ ಪಕ್ಕದ ಮನೆಯವರು ಬಾಗಿಲು ತೆಗೀಲಿಲ್ಲ ಅಂತ ಹಿತ್ತಲಿಂದ ನುಗ್ಗೋಕಾಗುತ್ತಾ?

ಸರಿ, ಈಗ ನನ್ನ ಪಾಪ. 2019ರಲ್ಲಿ ತಿಂಗಳ ಚಂದಾ ಕಟ್ಟಿ, ಒಂದು ಸೈಟಿನಿಂದ ‘ರಾಯಲ್ಟಿ-ಫ್ರೀ’ ಕೊಳಲಿನ ಟ್ರ್ಯಾಕ್ ತಂದೆ. ಒಂದು ಸಂಸ್ಥೆಗೆ ಮಾಡಿಕೊಟ್ಟ ವಿಡಿಯೋ. ಅವರು ತಮ್ಮ ಯೂಟ್ಯೂಬ್ ಚಾನೆಲ್‌ಗೆ ಹಾಕಿದರು, ಮಾರನೇ ದಿನವೇ ‘ಈ ಸಂಗೀತ ನಮ್ಮದು’ ಅಂತ ಕ್ಲೇಮ್ ಬಂತು. ‘ನಾನು ದುಡ್ಡು ಕಟ್ಟಿದ್ದೀನಿ!’ ಅಂತ ಕೂಗಾಡಿದೆ. ಆಮೇಲೆ ಷರತ್ತು ಓದಿದೆ, ಮೊದಲ ಬಾರಿಗೆ, ನಾಚಿಕೆಯಿಂದ. ಲೈಸೆನ್ಸ್ ಇದ್ದದ್ದು ನನ್ನ ಚಾನೆಲ್‌ಗೆ, ಅವರ ಚಾನೆಲ್‌ಗೆ ಅಲ್ಲ. ಚಂದಾ ನಿಲ್ಲಿಸಿದ ಮೇಲೆ ಮಾಡೋ ಹೊಸ ವಿಡಿಯೋಗೆ ಆ ಟ್ರ್ಯಾಕ್ ಬಳಸೋ ಹಾಗಿಲ್ಲ. ಚಿತ್ರೋತ್ಸವ, ಓಟಿಟಿಗೆ ಬೇರೆ ದರ. ರಾಯಲ್ಟಿ-ಫ್ರೀ ಅಂದರೆ ಪ್ರತಿ ಬಳಕೆಗೂ ಬೇರೆಬೇರೆ ದುಡ್ಡು ಕಟ್ಟಬೇಕಿಲ್ಲ ಅಂತ, ಅಷ್ಟೆ. ಪುಕ್ಕಟೆ ಅಂತಲೂ ಅಲ್ಲ, ಎಲ್ಲಿ ಬೇಕಾದರೂ ಹಾಕು ಅಂತಲೂ ಅಲ್ಲ.

ಲೈಸೆನ್ಸ್ ಸರಿಯಿದ್ದರೂ ಕ್ಲೇಮ್ ಬರಬಹುದು. ಅದೇ ರೆಡಿಮೇಡ್ ತುಣುಕನ್ನ ಇನ್ಯಾರೋ ತಮ್ಮ ಹಾಡಲ್ಲಿ ಸೇರಿಸಿ, ಹಾಡು ಹೋಲಿಸಿ ನೋಡೋ ಯೂಟ್ಯೂಬಿನ ಯಂತ್ರ Content IDಗೆ ಕೊಟ್ಟಿದ್ದರೆ, ಯಂತ್ರಕ್ಕೆ ನೀವೇ ಕಳ್ಳರು. ಆಗ ಗಾಬರಿ ಬೇಡ, ಕ್ಲೇಮ್ ಬೇರೆ, ಚಾನೆಲ್ಲಿಗೇ ಪೆಟ್ಟು ಕೊಡೋ ಸ್ಟ್ರೈಕ್ ಬೇರೆ. ಲೈಸೆನ್ಸಿನ ವಿವರ ಕೊಟ್ಟು ಡಿಸ್ಪ್ಯೂಟ್ ಹಾಕಿದರೆ ಕ್ಲೇಮ್ ಮಾಡಿದವರಿಗೆ ಉತ್ತರಿಸೋಕೆ 30 ದಿನ ಇರುತ್ತೆ. ಅದಕ್ಕೇ ಟ್ರ್ಯಾಕ್ ಡೌನ್‌ಲೋಡ್ ಮಾಡಿದ ದಿನವೇ ಷರತ್ತಿನ ಪುಟವನ್ನ ಪಿಡಿಎಫ್ ಮಾಡಿ, ರಸೀದಿ ಜೊತೆ ಪ್ರಾಜೆಕ್ಟ್ ಫೋಲ್ಡರಿಗೆ ಹಾಕ್ತೀನಿ ಈಗ.

ಕೃತಿಯನ್ನ ಷರತ್ತಿನ ಮೇಲೆ ಎಲ್ಲರಿಗೂ ಬಿಟ್ಟುಕೊಡೋ ಲೈಸೆನ್ಸು ಕ್ರಿಯೇಟಿವ್ ಕಾಮನ್ಸ್, ಅದರ ಭಕ್ತರಿಗೂ ಒಂದು ಮಾತು. ಲೈಸೆನ್ಸಿನ ಹೆಸರಲ್ಲಿ ND, ಅಂದರೆ ರೂಪಾಂತರ ಕೂಡದು, ಅಂತ ಇದ್ದರೆ ಆ ಸಂಗೀತ ವಿಡಿಯೋಗೆ ಬರಲ್ಲ. ಒಂದು ಸೆಕೆಂಡೂ ಕತ್ತರಿಸದೆ ಪೂರ್ತಿ ಹಾಕಿದರೂ ಇಲ್ಲ, ಯಾಕೆಂದರೆ ಚಿತ್ರಕ್ಕೆ ಜೋಡಿಸೋದನ್ನೇ ಆ ಲೈಸೆನ್ಸು ರೂಪಾಂತರ ಅಂತ ಎಣಿಸುತ್ತೆ.

ಹುಡುಗನ ಕಥೆಗೆ ಬರ್ತೀನಿ. ‘ಗೆಳೆಯನ ಹತ್ತಿರ ಹೊಸ ಧಾಟಿ ಹಾಕಿಸಲಾ?’ ಅಂದ. ಹಾಕಿಸು, ಆದರೆ ಕಾಗದ ಮಾಡಿಸಿಕೋ ಅಂದೆ. ಗೆಳೆಯ ಹಕ್ಕು ಬರೆದುಕೊಡುವಾಗ ಎಷ್ಟು ವರ್ಷ ಅಂತ ನಮೂದಿಸದಿದ್ದರೆ ಕಾನೂನು ಅದನ್ನ ಐದೇ ವರ್ಷ ಅಂತ ಓದುತ್ತೆ, ಎಲ್ಲಿ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಯೂಟ್ಯೂಬ್‌ಗೆ ಹಾಕಿದ ಸಿನಿಮಾ ಭಾರತದ ಗಡಿಯಲ್ಲಿ ನಿಲ್ಲುತ್ತಾ? ಧಾಟಿಗೂ ಮುದ್ರಣಕ್ಕೂ ಎರಡಕ್ಕೂ ಸೇರಿಸಿ, ಅವಧಿ, ಜಾಗ, ಮಾಧ್ಯಮ ಮೂರನ್ನೂ ಬರೆಸು ಅಂದೆ.

ಆಮೇಲೆ ಏನೋ ಹೊಳೆದು ಕೇಳಿದೆ: ‘ಅಷ್ಟು ದಿನ ಶೂಟ್ ಮಾಡಿದ್ದೀಯಲ್ಲ, ಆ ಅಜ್ಜಿಯರಲ್ಲಿ ಯಾರೂ ಹಾಡಲಿಲ್ವಾ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಾಡಿದಾರೆ ಅಕ್ಕಾ. ಅದೇ ಸೂಜಿ ಅಜ್ಜಿ, ಅದೇ ಪದ. ಮಧ್ಯ ಕೋಳಿ ಕೂಗಿತ್ತು, ಅದಕ್ಕೆ ತೆಗೆದುಹಾಕಿದ್ದೆ.’

ನನಗೆ ಹಣೆ ಚಚ್ಚಿಕೊಳ್ಳೋ ಹಾಗಾಯ್ತು. ನಾಳೆನೇ ಊರಿಗೆ ಹೋಗು ಅಂದೆ. ಆ ಧಾಟಿ ಅವರು ಕ್ಯಾಸೆಟ್ ಕೇಳಿ ಕಲಿತದ್ದಾ, ಅವರ ಅವ್ವ ಹೇಳಿಕೊಟ್ಟಿದ್ದಾ ಕೇಳು. ಕ್ಯಾಸೆಟ್‌ದಾದರೆ ಮತ್ತೆ ಅಶ್ವತ್ಥರ ಬಾಗಿಲಿಗೇ ಬಂದ ಹಾಗೆ. ಅವ್ವನದಾದರೆ ಬದುಕಿದೆ. ಆಗ ಅಜ್ಜಿಗೆ ಎಲ್ಲ ಓದಿ ಹೇಳಿ, ಅವರ ದನಿ ಸಿನಿಮಾದಲ್ಲಿ ಬಳಸೋಕೆ ಒಪ್ಪಿಗೆ ಪತ್ರ ತಗೋ, ಕೈಗೆ ದುಡ್ಡೂ ಕೊಡು.

ಇವತ್ತು ಮಧ್ಯಾಹ್ನ ಬಸ್ಸಿಂದ ಮೆಸೇಜ್ ಹಾಕಿದ್ದಾನೆ: ‘ಅಕ್ಕಾ, ಕೋಳಿಗೂ ಪತ್ರ ಬೇಕಾ?’