ಹಸಿರು ದೀಪ ನಾಲ್ಕು ಸಲ ಮಿಣುಕುತ್ತೆ, ಸ್ಕ್ರೀನ್ ಮಾತ್ರ ಕಪ್ಪು

ಎರಡು ದಿನ ಹಾಳಾಯ್ತು ಕಣ್ರೋ, ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡ್ ಹಿಂದೆ ಬಿದ್ದು. ರಾಸ್ಪ್‌ಬೆರಿ ಪೈ 3, ಪಾಪ ಮೂಲೇಲಿ ತನ್ನ ಪಾಡಿಗೆ ತಾನು ಕೆಲಸ ಮಾಡ್ಕೊಂಡಿತ್ತು. ಮೊನ್ನೆ ಅಪ್ಡೇಟ್‌ಗೆ ಹಾಕಿದ್ದೆ, ಅರ್ಧ ಆಗಿರ್ಬೇಕು, ಮನೇಲಿ ಯಾರೋ ಇಸ್ತ್ರಿ ಪೆಟ್ಟಿಗೆ ಹಾಕೋಕೆ ಅಂತ ಪ್ಲಗ್ ಕಿತ್ತಾಕಿದ್ರು. ವಾಪಸ್ ಹಾಕಿದ್ರೆ ಸ್ಕ್ರೀನ್ ಕಪ್ಪೋ ಕಪ್ಪು. ಕೆಂಪು ದೀಪ ಅಲ್ಲಾಡದೆ ಉರೀತಿದೆ, ಹಸಿರುದು ಟಕ್ ಟಕ್ ಟಕ್ ಟಕ್ ಅಂತ ನಾಲ್ಕು ಸಲ, ಸ್ವಲ್ಪ ಬಿಡುವು, ಮತ್ತೆ ನಾಲ್ಕು.

ಯಾರನ್ನ ಕೇಳಿದ್ರೂ ಒಂದೇ ಜಪ, 'ಪವರ್ ಸಪ್ಲೈ ಚೇಂಜ್ ಮಾಡಿ ನೋಡು'. ಮಾಡ್ದೆ ಮಾರಾಯ್ರೇ! ಚಾರ್ಜರ್ ಬದಲಾಯ್ಸಿದೆ, ಕೇಬಲ್ ಬದಲಾಯ್ಸಿದೆ, ಕೊನೆಗೆ ಮೀಟರ್ ತಗೊಂಡು 2ನೇ ಪಿನ್ನು 6ನೇ ಪಿನ್ನಿನ ಮಧ್ಯೆ ಹಿಡಿದು ನೋಡಿದ್ರೆ 5.08 ವೋಲ್ಟ್. ಈ ಬೋರ್ಡಲ್ಲಿ ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗೆ ಬಿದ್ರೆ ಕೆಂಪು ದೀಪಾನೇ ಆರಿಹೋಗುತ್ತೆ, ಅದು ಆರ್ಲೇ ಇಲ್ಲ ಅಂದ್ಮೇಲೆ ಸಪ್ಲೈ ಮೇಲ್ಯಾಕೆ ಗೂಬೆ ಕೂರ್ಸೋದು?

ಆಮೇಲೆ ತಲೆ ಓಡ್ತು, ಬೋರ್ಡ್ ಶುರುವಾಗೋಕೆ ಬೇಕಾದ ಫೈಲೆಲ್ಲ ಇರೋ ಮೆಮೊರಿ ಕಾರ್ಡ್ ತೆಗೆದು ಬರೀ ಬೋರ್ಡ್ ಆನ್ ಮಾಡ್ದೆ. ಹಸಿರು ದೀಪ ಒಂದು ಸಲಾನೂ ಮಿಣುಕ್ಲಿಲ್ಲ. ಅಂದ್ರೆ ಆ ನಾಲ್ಕು ಮಿಣುಕು ಬರ್ತಿರೋದೇ ಕಾರ್ಡಲ್ಲಿರೋ `bootcode.bin` ಓದಿದ್ಮೇಲೆ, ಮುಂದಿನ ಫೈಲ್ `start.elf` ಸಿಗ್ತಿಲ್ಲ ಅಂತ ಅದು ಅರಚ್ಕೊಳ್ತಿದೆ. ಆ ಫೈಲ್ ಲೋಡ್ ಆಗೋವರೆಗೂ ಪರದೆ ಮೇಲೆ ಏನೂ ಬರಲ್ಲ, ನಾನು ಗೂಬೆ ತರ ಎಚ್‌ಡಿಎಂಐ ಕೇಬಲ್ ಮೂರು ಸಲ ಬಿಚ್ಚಿ ಹಾಕಿದ್ದೆ.

ಕಾರ್ಡ್ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ರೆ ಹೌದು, `kernel7.img` ಇದೆ, `start.elf` ಮಾಯ. ಸರಿ ಅಂತ ಕಾರ್ಡಿಗೆ ಆಪರೇಟಿಂಗ್ ಸಿಸ್ಟಮ್‌ನ ಇಡೀ ಇಮೇಜ್ ಹೊಸದಾಗಿ ಬರೆದೆ, ಅರ್ಜೆಂಟಲ್ಲಿ ವೆರಿಫೈ ಸ್ಕಿಪ್ ಮಾಡ್ದೆ (ಬೈರಿ ಪರ್ವಾಗಿಲ್ಲ). 'ಸಕ್ಸಸ್' ಅಂತು. ಬೋರ್ಡಿಗೆ ಹಾಕಿದ್ರೆ ಅದೇ ನಾಲ್ಕು. ಇನ್ನೊಂದು ಸಲ ಬರೆದೆ, ಮತ್ತೆ ನಾಲ್ಕು!

ಅನುಮಾನ ಬಂದು ಕಾರ್ಡಲ್ಲಿ ಒಂದು `test.txt` ಮಾಡಿ, ಇಜೆಕ್ಟ್ ಮಾಡಿ, ಕಿತ್ತು, ಮತ್ತೆ ಹಾಕಿದೆ. ಫೈಲೇ ಇಲ್ಲ. ಇದ್ದ ಫೈಲ್ ಒಂದನ್ನ ಡಿಲೀಟ್ ಮಾಡಿ ಕಿತ್ತು ಹಾಕಿದೆ, ಅದು ಆರಾಮಾಗಿ ವಾಪಸ್ ಬಂದು ಕೂತಿದೆ. ಕಾರ್ಡ್ ಸವೆದು ಬರೆಯೋದನ್ನೇ ನಿಲ್ಸಿಬಿಟ್ಟಿದೆ, ಆದ್ರೂ ಕೊಟ್ಟಿದ್ದಕ್ಕೆಲ್ಲ 'ಹೂಂ ಬರ್ಕೊಂಡೆ' ಅಂತ ತಲೆ ಅಲ್ಲಾಡ್ಸುತ್ತೆ. ಸಾಯೋದಾದ್ರೆ ನೆಟ್ಟಗೆ ಎರರ್ ಕೊಟ್ಟು ಸಾಯಿ, ಈ ನಾಟಕ ಯಾಕೆ? ವೆರಿಫೈ ಆನ್ ಮಾಡಿ ಬರೆದ್ರೆ ಮಾತ್ರ ಸಿಕ್ಕಿಬಿತ್ತು, ಬರೆದಿದ್ದಕ್ಕೂ ಓದಿದ್ದಕ್ಕೂ ತಾಳೇನೇ ಇಲ್ಲ.

ಬೇರೆ ಕಾರ್ಡಿಗೆ ಅದೇ ಇಮೇಜ್ ಬರೆದು ಹಾಕಿದೆ, ಕಾಮನಬಿಲ್ಲಿನ ಚೌಕ ಬಂತು, ಹಿಂದೇನೇ ಲಾಗಿನ್ ಬಂತು, ಅದೂ ನಾನು ಮೊದಲು ಬೈದು ಪಕ್ಕಕ್ಕೆಸೆದಿದ್ದ ಹಳೇ ಚಾರ್ಜರಲ್ಲೇ.